ನಡಾವಳಿ ಪುಸ್ತಕದಲ್ಲಿ ‘ಅಧ್ಯಕ್ಷರು’ ಎಂದು ಬರೆದರೆ ಯಾವ ಅಧ್ಯಕ್ಷರು?

ಕಾಸರಗೋಡು ಜಿಲ್ಲೆಯ ಒಂದು ಅನುದಾನಿತ ಕನ್ನಡ ಶಾಲೆಯನ್ನು ಇಟ್ಟುಕೊಳ್ಳೋಣ. ಅಲ್ಲಿನ ರಕ್ಷಕ-ಶಿಕ್ಷಕ ಸಂಘದ ನಡಾವಳಿ ಪುಸ್ತಕದ ಒಂದು ಪುಟದಲ್ಲಿ ಹೀಗೆ ಬರೆದಿದೆ ಎಂದುಕೊಳ್ಳಿ:

“ಕಾಲುಸಂಕದ ರಿಪೇರಿ ವಿಷಯ ಚರ್ಚೆಯಾಯಿತು. ಅಧ್ಯಕ್ಷರು ಮೆಂಬರರ ಹತ್ತಿರ ಮಾತಾಡಿದ್ದಾರೆ. ಎ.ಇ. ಅವರಿಂದ ಎಸ್ಟಿಮೇಟ್ ತರಿಸುವುದು. ಭಟ್ ಮಾಸ್ತರ್ ಕೊಟ್ಟ 5,000 ರೂ. ಈಗ ಎಚ್.ಎಂ. ಕೈಯಲ್ಲಿದೆ. ಜಾಗದ ಅಳತೆಗೆ ತಾ. ಆಫೀಸಿಗೆ ಅರ್ಜಿ ಕೊಡಲು ಸೆಕ್ರೆಟರಿಗೆ ವಹಿಸಲಾಯಿತು. ಮ್ಯಾನೇಜರರ ಒಪ್ಪಿಗೆ ಬೇಕು.”

ಅಂದು ಸಭೆಯಲ್ಲಿ ಕೂತವರಿಗೆ ಇದರಲ್ಲಿ ಒಂದಕ್ಷರವೂ ಅಸ್ಪಷ್ಟವಲ್ಲ. ಹತ್ತು ವರ್ಷ ಕಳೆದು, ಮುಖ್ಯೋಪಾಧ್ಯಾಯರು ನಾಲ್ಕು ಸಲ ಬದಲಾಗಿ, ಸಮಿತಿಯಲ್ಲಿ ಹಳಬರು ಯಾರೂ ಉಳಿಯದಿದ್ದಾಗ ಇದೇ ಪುಟವನ್ನು ತೆರೆದವರಿಗೆ ಮಾತ್ರ ಆರು ವಾಕ್ಯದಲ್ಲಿ ಏಳು ಪ್ರಶ್ನೆಗಳು. ಅಧ್ಯಕ್ಷರು ಎಂದರೆ ರಕ್ಷಕ-ಶಿಕ್ಷಕ ಸಂಘದವರೋ, ಗ್ರಾಮ ಪಂಚಾಯತಿನವರೋ? ಮೆಂಬರರು ವಾರ್ಡಿನ ಪಂಚಾಯತ್ ಸದಸ್ಯರೋ, ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರೋ? ಎ.ಇ. ಎಂದರೆ ಪಂಚಾಯತಿನ ಸಹಾಯಕ ಎಂಜಿನಿಯರೇ, ಅಥವಾ ಉಪಜಿಲ್ಲೆಯ ಶಿಕ್ಷಣಾಧಿಕಾರಿಯನ್ನು ಎ.ಇ.ಒ. ಎಂದು ಬರೆಯಲು ಹೋಗಿ ಒಂದಕ್ಷರ ಬಿಟ್ಟದ್ದೇ? ಸೆಕ್ರೆಟರಿ ಸಂಘದ ಕಾರ್ಯದರ್ಶಿಯೋ, ಸರಕಾರಿ ನೌಕರರಾದ ಪಂಚಾಯತ್ ಕಾರ್ಯದರ್ಶಿಯೋ? ಮ್ಯಾನೇಜರ್ ಎಂದರೆ ಅನುದಾನಿತ ಶಾಲೆಯ ಆಡಳಿತ ನಡೆಸುವವರು. ಆದರೆ ಹಣದ ಮಾತು ಬಂದ ಪುಟದಲ್ಲಿ ಬ್ಯಾಂಕ್ ಮ್ಯಾನೇಜರ್ ಎಂದು ಓದಿಕೊಳ್ಳುವವರೂ ಇರುತ್ತಾರೆ. ಭಟ್ ಮಾಸ್ತರ್ ಯಾರು ಎಂಬುದಂತೂ ಬಿಡಿ, ಆ ಶಾಲೆಯಲ್ಲಿ ಪಾಠ ಮಾಡಿದ ಭಟ್ಟರು ಎಷ್ಟು ಮಂದಿಯೋ ಅಷ್ಟು ಉತ್ತರ.

ಗೊಂದಲದ ಮೂಲ ಬರೆದವರ ಅಸಡ್ಡೆಯಲ್ಲ. ಸಭೆಯಲ್ಲಿ ಆಡಿದ ಮಾತನ್ನು ಆಡಿದ ಹಾಗೇ ಇಳಿಸಿಕೊಂಡದ್ದರಿಂದ ಹೀಗಾಗಿದೆ. ಮಾತಿನಲ್ಲಿ ‘ಅಧ್ಯಕ್ಷರು’ ಎಂದಾಗ ಕಣ್ಣು ಯಾರ ಕಡೆ ಹೋಯಿತು ಎಂಬುದೇ ಅರ್ಥ ಹೇಳಿಬಿಡುತ್ತದೆ. ಬರಹಕ್ಕೆ ಆ ಅನುಕೂಲವಿಲ್ಲ. ಇದಕ್ಕೆ ಬೇಕಾದದ್ದು ಮೂರು ಸಣ್ಣ ಏರ್ಪಾಟುಗಳು: ಹುದ್ದೆಯ ಹಿಂದೆ ಸಂಸ್ಥೆಯ ಹೆಸರು, ಒಬ್ಬ ವ್ಯಕ್ತಿಗೆ ಪುಸ್ತಕದುದ್ದಕ್ಕೂ ಒಂದೇ ಹೆಸರು, ಪುಸ್ತಕದ ಮೊದಲಲ್ಲೇ ಒಂದೆರಡು ಪುಟದ ಸಂಕ್ಷೇಪ ಪಟ್ಟಿ.

ಹುದ್ದೆಯ ಹಿಂದೆ ಸಂಸ್ಥೆ

ಒಂದು ಶಾಲೆಯ ಸುತ್ತ ಎಷ್ಟು ಅಧ್ಯಕ್ಷರಿದ್ದಾರೆ ನೋಡಿ. ರಕ್ಷಕ-ಶಿಕ್ಷಕ ಸಂಘಕ್ಕೆ ಒಬ್ಬರು, ಮಾತೃ ಸಂಘಕ್ಕೆ ಒಬ್ಬರು, ಗ್ರಾಮ ಪಂಚಾಯತಿಗೆ, ಬ್ಲಾಕ್ ಪಂಚಾಯತಿಗೆ, ಜಿಲ್ಲಾ ಪಂಚಾಯತಿಗೆ ಒಬ್ಬೊಬ್ಬರು. ಅವರೆಲ್ಲರ ಮೇಲೆ ಅಂದಿನ ಸಭೆಯ ಅಧ್ಯಕ್ಷತೆ ವಹಿಸಿದವರು ಇನ್ನೊಬ್ಬರಿರಬಹುದು. ಸಂಘದ ಅಧ್ಯಕ್ಷರು ಗೈರಾಗಿ ಉಪಾಧ್ಯಕ್ಷರು ಸಭೆ ನಡೆಸಿದ ದಿನವೇ ಎಡವಟ್ಟು ಜಾಸ್ತಿ. ಮೊದಲ ಸಾಲಿನಲ್ಲಿ “ಉಪಾಧ್ಯಕ್ಷರ ಅಧ್ಯಕ್ಷತೆಯಲ್ಲಿ ಸಭೆ ಸೇರಿತು” ಎಂದಿರುತ್ತದೆ, ನಾಲ್ಕನೇ ಸಾಲಿನಲ್ಲಿ “ಅಧ್ಯಕ್ಷರು ಈ ಹೊಣೆ ವಹಿಸಿಕೊಂಡರು” ಎಂದಿರುತ್ತದೆ. ಹೊಣೆ ಹೊತ್ತವರು ಸಭೆಗೆ ಬಾರದವರೇ, ಸಭೆ ನಡೆಸಿದವರೇ ಎಂದು ಆಮೇಲೆ ಹೇಳುವವರಿಲ್ಲ.

ಇದಕ್ಕೆ ಎರಡು ಪದಗಳನ್ನು ಬೇರೆ ಮಾಡಿಟ್ಟರೆ ಸಾಕು. ಅಂದಿನ ಸಭೆ ನಡೆಸಿದವರು ಯಾವಾಗಲೂ ‘ಸಭಾಧ್ಯಕ್ಷರು’. ಉಳಿದ ಯಾವ ಅಧ್ಯಕ್ಷರೂ ಸಂಸ್ಥೆಯ ಹೆಸರಿಲ್ಲದೆ ಪುಸ್ತಕಕ್ಕೆ ಬರಬಾರದು: ರ.ಶಿ.ಸಂ. ಅಧ್ಯಕ್ಷರು, ಗ್ರಾ.ಪಂ. ಅಧ್ಯಕ್ಷರು. ನಾಲ್ಕಕ್ಷರ ಹೆಚ್ಚು ಬರೆಯಬೇಕು, ಅಷ್ಟೇ. ಕಾರ್ಯದರ್ಶಿ, ಸದಸ್ಯರು, ಮ್ಯಾನೇಜರ್, ಸಮಿತಿ, ಖಾತೆ ಈ ಐದಕ್ಕೂ ಇದೇ ಕ್ರಮ. ‘ಖಾತೆಗೆ ಜಮೆ ಮಾಡಲಾಯಿತು’ ಎಂಬ ವಾಕ್ಯದಲ್ಲಿ ಯಾರ ಖಾತೆ ಎಂಬುದಿಲ್ಲದಿದ್ದರೆ ಲೆಕ್ಕ ತಪಾಸಣೆಯ ದಿನ ಮೊದಲು ಕೈ ಇಡುವುದು ಅಲ್ಲಿಗೇ.

‘ಪ್ರಸಿಡೆಂಟ್’, ‘ಅಧ್ಯಕ್ಷ’, ‘ಅಧ್ಯಕ್ಷರು’ ಮೂರನ್ನೂ ಬೆರೆಸಿ ಬರೆಯುವುದು ಕೂಡ ತೊಂದರೆಯೇ. ಒಂದು ಪುಟದಲ್ಲಿ ಪ್ರಸಿಡೆಂಟ್, ಇನ್ನೊಂದರಲ್ಲಿ ಅಧ್ಯಕ್ಷರು ಎಂದಿದ್ದರೆ ಹೊಸಬರು ಅವು ಎರಡು ಹುದ್ದೆಗಳೆಂದೇ ಎಣಿಸುತ್ತಾರೆ. ಕನ್ನಡದ ಪದವೇ ಇರಲಿ, ಇಂಗ್ಲಿಷಿನದೇ ಇರಲಿ, ಆಯ್ಕೆ ಒಂದೇ ಇರಲಿ. ಗಡಿನಾಡಿನಲ್ಲಿ ಇದಕ್ಕೊಂದು ಹೆಚ್ಚಿನ ಮಗ್ಗುಲಿದೆ. ಕೇರಳದ ಶಾಲಾ ಆಡಳಿತದಲ್ಲಿ ಉಪಜಿಲ್ಲೆಯ ಅಧಿಕಾರಿ ಎ.ಇ.ಒ.; ಗಡಿಯಾಚೆ ದಕ್ಷಿಣ ಕನ್ನಡದಲ್ಲಿ ಅಂಥದೇ ಕೆಲಸದ ಅಧಿಕಾರಿ ಬಿ.ಇ.ಒ., ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಕೇರಳದಲ್ಲಿ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಾದ ಡಿ.ಡಿ.ಇ.ಗೆ ಸಾಟಿಯಾಗಿ ಅಲ್ಲಿ ಡಿ.ಡಿ.ಪಿ.ಐ. ಮಂಗಳೂರು, ಪುತ್ತೂರಿನ ಕಡೆ ಓದಿದವರ ಬಾಯಲ್ಲಿ ಬಿ.ಇ.ಒ. ಎಂಬುದೇ ಮೊದಲು ಬರುತ್ತದೆ, ಅದು ಸಹಜ. ಪುಸ್ತಕದಲ್ಲಿ ಮಾತ್ರ ಹಾಗೆ ಬರೆದರೆ ಶಾಲೆಯ ಕಾಗದ ರಾಜ್ಯದ ಗಡಿ ದಾಟಿಹೋಯಿತೇ ಎಂದು ಓದುಗರು ತಬ್ಬಿಬ್ಬಾಗುತ್ತಾರೆ. ಮಾತನಾಡಿದವರು ಏನೇ ಅಂದಿರಲಿ, ಬರೆಯುವವರು ಇಲ್ಲಿನ ಹುದ್ದೆಯ ಹೆಸರನ್ನೇ ಹಾಕಬೇಕು.

ಒಬ್ಬರಿಗೆ ಒಂದೇ ಹೆಸರು

ಹುದ್ದೆಯನ್ನು ಬರೆಯಬೇಕಾದದ್ದು ಎಲ್ಲಿ, ಹೆಸರನ್ನು ಬರೆಯಬೇಕಾದದ್ದು ಎಲ್ಲಿ ಎಂಬುದೇ ಹಲವರ ಮೊದಲ ಸಂಶಯ. ಹುದ್ದೆಯ ಬಲದಿಂದ ಮಾಡುವ ಕೆಲಸಕ್ಕೆ ಹುದ್ದೆ ಬರೆಯಿರಿ. ಆ ವ್ಯಕ್ತಿ ಕುರ್ಚಿ ಬಿಟ್ಟರೆ ಕೆಲಸ ಮುಂದಿನವರಿಗೆ ತಾನೇ ಹೋಗಬೇಕು. “ಅರ್ಜಿ ಕೊಡಲು ರ.ಶಿ.ಸಂ. ಕಾರ್ಯದರ್ಶಿಗೆ ವಹಿಸಲಾಯಿತು” ಎಂಬಲ್ಲಿ ಹೆಸರು ಹಾಕಿದರೆ, ಅವರು ವರ್ಗವಾಗಿ ಹೋದ ಮೇಲೂ ಹೊಣೆ ಅವರ ಹೆಸರಲ್ಲೇ ನೇತಾಡುತ್ತದೆ. ಹಣ ಕೊಟ್ಟದ್ದು, ಸಾಲವಾಗಿ ತನ್ನ ಕೈಯಿಂದ ಹಾಕಿದ್ದು, ಭಿನ್ನಾಭಿಪ್ರಾಯ ದಾಖಲಿಸಿದ್ದು, ಸೂಚಿಸಿದ್ದು, ಅನುಮೋದಿಸಿದ್ದು ಇವೆಲ್ಲ ವ್ಯಕ್ತಿಯ ಕೆಲಸಗಳು; ಇಲ್ಲಿ ಹೆಸರೇ ಬೇಕು. ಬ್ಯಾಂಕಿನಲ್ಲಿ ಸಹಿ ಹಾಕುವವರನ್ನು ಬದಲಿಸುವ ನಿರ್ಣಯದಲ್ಲಿ ಎರಡೂ ಬೇಕು, ಅದೂ ಹೆಸರು ಗುರುತಿನ ಚೀಟಿಯಲ್ಲಿ ಇರುವ ಹಾಗೇ ಇರಬೇಕು. ಈ ಒಂದು ಕಡೆ ಸಂಕ್ಷೇಪ ಬೇಡವೇ ಬೇಡ.

ಇಲ್ಲೊಂದು ಸೂಕ್ಷ್ಮವಿದೆ. ಕೇರಳದ ದಾಖಲೆಗಳಲ್ಲಿ ಇನಿಶಿಯಲ್ ಸಾಮಾನ್ಯವಾಗಿ ಹೆಸರಿನ ಕೊನೆಗೆ ಬರುತ್ತದೆ, ಕನ್ನಡದಲ್ಲಿ ಬರೆಯುವಾಗ ಮೊದಲಿಗೆ ಹಾಕುವ ರೂಢಿ. ‘ನಾರಾಯಣ ಭಟ್ ಕೆ.’ ಮತ್ತು ‘ಕೆ. ನಾರಾಯಣ ಭಟ್’ ಒಬ್ಬರೇ ಎಂದು ಇಂದು ನಮಗೆ ಗೊತ್ತು. ಆದರೆ ಹಾಜರಿ ಪಟ್ಟಿಯಲ್ಲಿ ಒಂದು ರೀತಿ, ನಿರ್ಣಯದಲ್ಲಿ ಇನ್ನೊಂದು ರೀತಿ, ರಶೀದಿಯಲ್ಲಿ ‘ಕೆ. ಎನ್. ಭಟ್’ ಎಂದಿದ್ದರೆ ಮೂವರಾಗುತ್ತಾರೆ. ಯಾವ ಕ್ರಮವನ್ನು ಆರಿಸಿಕೊಂಡರೂ ಅಡ್ಡಿಯಿಲ್ಲ, ಪುಸ್ತಕ ಮುಗಿಯುವ ತನಕ ಅದನ್ನು ಬಿಡಬಾರದು. ಒಂದೇ ಹೆಸರಿನವರು ಇಬ್ಬರಿದ್ದರೆ ಇನಿಶಿಯಲ್ ನೆಚ್ಚಬೇಡಿ, ಅದೂ ಒಂದೇ ಆಗಿರುವುದುಂಟು. ನಮ್ಮ ಕಡೆ ಮನೆಯ ಹೆಸರು, ಜಾಗದ ಹೆಸರು ಹೇಗೂ ಬಳಕೆಯಲ್ಲಿದೆ: ನಾರಾಯಣ ಭಟ್, ಮೇಲಿನಮನೆ, ನಾರಾಯಣ ಭಟ್, ಕೆಳಗಿನಮನೆ. (ಉದಾಹರಣೆಗಾಗಿ ಕಟ್ಟಿದ ಹೆಸರುಗಳಿವು.) ಇಬ್ಬರಲ್ಲಿ ಒಬ್ಬರು ಮಾತ್ರ ಆ ದಿನ ಬಂದಿದ್ದರೂ ಮನೆ ಹೆಸರು ಬಿಡುವ ಹಾಗಿಲ್ಲ. ಓದುಗರಿಗೆ ಇನ್ನೊಬ್ಬರು ಬಂದಿರಲಿಲ್ಲ ಎಂಬುದು ಹೇಗೆ ಗೊತ್ತಾಗಬೇಕು?

‘ಮಾಸ್ತರ್’, ‘ಟೀಚರ್’, ‘ಹಾಜಿ’, ‘ಅಣ್ಣ’, ‘ಅಕ್ಕ’ ಇವು ಗೌರವದ, ಪ್ರೀತಿಯ ಮಾತುಗಳು. ಇವನ್ನು ಹೆಸರಿನ ಜೊತೆಗೆ ಸೇರಿಸಬಹುದು, ಹೆಸರಿನ ಬದಲಿಗೆ ಅಲ್ಲ. ನಿವೃತ್ತರಾಗಿ ಹದಿನೈದು ವರ್ಷವಾದರೂ ಊರಿನವರಿಗೆ ಅವರು ಹೆಡ್‌ಮಾಸ್ತರೇ. ಹಾಗಾಗಿ ನಿವೃತ್ತರನ್ನು ‘ನಿವೃತ್ತ ಮುಖ್ಯೋಪಾಧ್ಯಾಯ ಇಂಥವರು’ ಎಂದೇ ಬರೆಯಬೇಕು. ಇಲ್ಲದಿದ್ದರೆ ಅವರು ಕೊಟ್ಟ ದೇಣಿಗೆ ಹಾಲಿ ಮುಖ್ಯೋಪಾಧ್ಯಾಯರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಸಮಿತಿಯಲ್ಲಿ ಮಲಯಾಳ ಮಾತಾಡುವವರೂ ಇದ್ದೇ ಇರುತ್ತಾರೆ. ಅವರ ಹೆಸರನ್ನು ಕನ್ನಡಕ್ಕೆ ತಿದ್ದಬೇಡಿ: ನಾರಾಯಣನ್ ಎಂಬುವರು ನಾರಾಯಣ ಆಗಬಾರದು, ಏಕೆಂದರೆ ಅದೇ ಪಟ್ಟಿಯಲ್ಲಿ ನಾರಾಯಣ ಎಂಬ ಇನ್ನೊಬ್ಬರಿರಬಹುದು. ಹಾಜರಿ ಪುಟದಲ್ಲಿ ಬರೀ ಸಹಿ ಪಡೆಯುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಮೂರು ಲಿಪಿಯ ಸಹಿಗಳ ಸಾಲಿನಲ್ಲಿ ಐದು ವರ್ಷದ ಮೇಲೆ ಅರ್ಧದಷ್ಟು ಗುರುತೇ ಸಿಗುವುದಿಲ್ಲ. ಕ್ರಮ ಸಂಖ್ಯೆ, ಹೆಸರು, ಹೊಣೆ, ಸಹಿ ಎಂದು ನಾಲ್ಕು ಅಂಕಣ ಎಳೆದು, ಮೊದಲ ಮೂರನ್ನು ಬರೆಯುವವರೇ ಸಭೆಗೆ ಮುಂಚೆ ಒಂದೇ ಕೈಬರಹದಲ್ಲಿ ತುಂಬಿಟ್ಟರೆ ಆ ಪುಟವೇ ಅಂದಿನ ಸಭೆಯ ಹೆಸರಿನ ಪಟ್ಟಿಯಾಗುತ್ತದೆ. ಅಲ್ಲಿ ಪೂರ್ತಿ ಹೆಸರು, ಹುದ್ದೆ ಇರುವುದರಿಂದ ಒಳಗಿನ ನಿರ್ಣಯಗಳಲ್ಲಿ ಧೈರ್ಯವಾಗಿ ಚಿಕ್ಕದಾಗಿ ಬರೆಯಬಹುದು.

ಊರಿನ ಹೆಸರಿಗೂ ಇದೇ ಮಾತು. ಕೋಝಿಕ್ಕೋಡ್, ಕಲ್ಲಿಕೋಟೆ, ಕ್ಯಾಲಿಕಟ್ ಮೂರೂ ಒಂದೇ ಪುಸ್ತಕದಲ್ಲಿ ಬರುತ್ತವೆ. ತಾಲೂಕಿನ ಹೆಸರು ಹೊಸದುರ್ಗ, ಅದರ ಕೇಂದ್ರ ಕಾಞಂಗಾಡ್ ಎಂಬುದು ಇಲ್ಲಿಯವರಿಗೆ ಗೊತ್ತು, ಹೊರಗಿನ ಲೆಕ್ಕ ಪರಿಶೋಧಕರಿಗೆ ಗೊತ್ತಿರಬೇಕೆಂದಿಲ್ಲ. ‘ಗ್ರಾಮ’ ಎಂದು ಬರೆದಾಗ ಅದು ಗ್ರಾಮ ಪಂಚಾಯತಿನ ವ್ಯಾಪ್ತಿಯೋ, ವಿಲೇಜ್ ಆಫೀಸಿನ ವ್ಯಾಪ್ತಿಯೋ ಎಂದೂ ಹೇಳಬೇಕು. ಎರಡರ ಗಡಿ ಒಂದೇ ಆಗಿರಬೇಕೆಂದಿಲ್ಲ.

ಸಂಕ್ಷೇಪ ಎಷ್ಟು, ಹೇಗೆ

ಹೆಚ್ಚುಕಮ್ಮಿ ಪ್ರತಿ ಸಭೆಯಲ್ಲೂ ಬರುವ ಹೆಸರುಗಳಿಗೆ ಮಾತ್ರ ಸಂಕ್ಷೇಪ ಮಾಡಿಕೊಳ್ಳಿ. ಒಂದು ಶಾಲಾ ಸಂಘಕ್ಕೆ ಹತ್ತು ಹದಿನೈದು ಸಾಕು. ವರ್ಷಕ್ಕೊಮ್ಮೆ ಬರುವ ಯೋಜನೆಯ ಹೆಸರನ್ನು ಪೂರ್ತಿ ಬರೆದರೆ ಕೈ ಸೋಲುವುದಿಲ್ಲ.

ಕನ್ನಡದ ಸಂಕ್ಷೇಪಗಳಲ್ಲಿ ತೊಂದರೆ ಕೊಡುವುದು ಒಂದಕ್ಷರದವು. ‘ತಾ.’ ಎಂದರೆ ತಾರೀಕೂ ಹೌದು, ತಾಲೂಕೂ ಹೌದು. “ತಾ. 12ರಂದು ತಾ. ಆಫೀಸಿಗೆ” ಎಂಬ ವಾಕ್ಯ ಅರ್ಥವಾದೀತು, “ತಾ. ಬಗ್ಗೆ ವಿಚಾರಿಸುವುದು” ಎಂಬುದು ಅರ್ಥವಾಗದು. ‘ಸಂ.’ ಎಂದರೆ ಸಂಘ, ಸಂಖ್ಯೆ, ಸಂಚಾಲಕ ಮೂರೂ ಆದೀತು. ‘ಅ.’ ಅಧ್ಯಕ್ಷರಿಗೂ ಸಲ್ಲುತ್ತದೆ, ಅನುದಾನಿತಕ್ಕೂ ಸಲ್ಲುತ್ತದೆ. ಆದ್ದರಿಂದ ಒಂದಕ್ಷರದ ಸಂಕ್ಷೇಪಗಳಲ್ಲಿ ‘ರೂ.’ ಒಂದನ್ನು ಉಳಿಸಿಕೊಂಡು ಬೇರೆಲ್ಲ ಕೈಬಿಡುವುದೇ ಒಳ್ಳೆಯದು. ದಿನಾಂಕಕ್ಕೆ ಸಂಕ್ಷೇಪವೇ ಬೇಡ, ಅಂಕಿಗಳೇ ಅದನ್ನು ಹೇಳುತ್ತವೆ. ‘ತಾ.ಕಚೇರಿ’ ಎಂದು ಇನ್ನೊಂದು ಪದ ಸೇರಿಸಿದರೆ ತಾಲೂಕಿನ ಸಂಶಯವೂ ಹೋಗುತ್ತದೆ.

ಇಂಗ್ಲಿಷ್ ಸಂಕ್ಷೇಪಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ರೂಪ ಒಂದೇ ಇರಬೇಕು. ಎ.ಇ.ಒ., ಎಇಒ, ಎ.ಇ.ಓ. ಇವು ಕಣ್ಣಿಗೆ ಒಂದೇ. ನಡಾವಳಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟವರು ಹುಡುಕಲು ಹೊರಟರೆ ಮೂರು ಬೇರೆ ಪದಗಳು. ಒಂದನ್ನು ಹುಡುಕಿ ಸಿಗಲಿಲ್ಲವೆಂದು ‘ಆ ವಿಷಯ ಚರ್ಚೆಯೇ ಆಗಿಲ್ಲ’ ಎಂದು ತೀರ್ಮಾನಿಸುವ ಅಪಾಯ ಇದರಲ್ಲಿದೆ. ಚುಕ್ಕೆ ಇರಲಿ ಇಲ್ಲದಿರಲಿ, ಹ್ರಸ್ವ ‘ಒ’ ಇರಲಿ ದೀರ್ಘ ‘ಓ’ ಇರಲಿ, ಪಟ್ಟಿಯಲ್ಲಿರುವ ರೂಪವೇ ಎಲ್ಲ ಕಡೆ ಬರಬೇಕು. ವಿ.ಒ. ಮತ್ತು ವಿ.ಇ.ಒ. ತರಹದ ಜೋಡಿಗಳಲ್ಲಿ ಮಾತ್ರ ಒಂದನ್ನಾದರೂ ಬಿಡಿಸಿ ಬರೆಯಿರಿ. ಒಂದು ಕಂದಾಯ ಇಲಾಖೆಯ ವಿಲೇಜ್ ಆಫೀಸರ್, ಇನ್ನೊಂದು ವಿಲೇಜ್ ಎಕ್ಸ್‌ಟೆನ್ಶನ್ ಆಫೀಸರ್. ಅಕ್ಷರ ಒಂದು ಜಾರಿದರೆ ಕಚೇರಿಯೇ ಬದಲಾಗುತ್ತದೆ. ಎ.ಇ., ಎ.ಇ.ಒ. ಜೋಡಿಯೂ ಅಂಥದ್ದೇ. ಎಂಜಿನಿಯರರನ್ನು ‘ಸಹಾಯಕ ಎಂಜಿನಿಯರ್’ ಎಂದೇ ಬರೆದು ಎ.ಇ.ಒ.ವನ್ನು ಸಂಕ್ಷೇಪವಾಗಿ ಇಟ್ಟುಕೊಂಡರೆ ಮುಗಿಯಿತು.

ಪಟ್ಟಿಯಲ್ಲಿ ದಿನಾಂಕ ಏಕೆ ಬೇಕು

ಪುಸ್ತಕದ ಮೊದಲ ಎರಡು ಹಾಳೆಗಳನ್ನು ಖಾಲಿ ಬಿಡಿ. ಒಂದು ಹಾಳೆ ಸಂಕ್ಷೇಪಗಳಿಗೆ, ಇನ್ನೊಂದು ವ್ಯಕ್ತಿಗಳಿಗೆ. ಸಂಕ್ಷೇಪದ ಹಾಳೆಯಲ್ಲಿ ನಾಲ್ಕು ಅಂಕಣ: ಸಂಕ್ಷೇಪ, ಪೂರ್ಣ ರೂಪ, ಎಂದಿನಿಂದ, ಎಂದಿನವರೆಗೆ. ವ್ಯಕ್ತಿಗಳ ಹಾಳೆಯಲ್ಲಿ ಹೆಸರು, ಮನೆ ಅಥವಾ ಜಾಗ, ಹುದ್ದೆ, ಮತ್ತೆ ಅದೇ ಎರಡು ದಿನಾಂಕ. ದಿನಾಂಕದ ಅಂಕಣವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಪಟ್ಟಿಯ ಜೀವವಿರುವುದು ಅಲ್ಲೇ. ಏಕೆಂದರೆ ಅದೇ ಪದ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಚೇರಿಯನ್ನು ಹೇಳುತ್ತದೆ.

ಮೇಲಿನ ಟಿಪ್ಪಣಿಯ ‘ತಾ. ಆಫೀಸ್’ ಅನ್ನೇ ತೆಗೆದುಕೊಳ್ಳಿ. ಶಾಲೆ ಇಂದಿನ ಮಂಜೇಶ್ವರ ತಾಲೂಕಿನಲ್ಲಿದ್ದರೆ, 2014ರಲ್ಲಿ ಆ ತಾಲೂಕು ಆಗುವ ಮೊದಲು ತಾಲೂಕು ಕಚೇರಿ ಎಂದರೆ ಕಾಸರಗೋಡಿನದು. ಟಿಪ್ಪಣಿಯ ವರ್ಷ 2012 ಆಗಿದ್ದರೆ ಅಳತೆಯ ಕಡತವನ್ನು ಹುಡುಕಬೇಕಾದದ್ದು ಒಂದು ಕಡೆ, 2018 ಆಗಿದ್ದರೆ ಇನ್ನೊಂದು ಕಡೆ. ಇನ್ನೂ ಹಿಂದೆ ಹೋದರೆ ‘ಜಿಲ್ಲಾ ಕಚೇರಿ’ಯ ಕತೆ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. ಅದಕ್ಕೆ ಮೊದಲು ಜಿಲ್ಲಾ ಕಚೇರಿ ಎಂದರೆ ಕಣ್ಣೂರು. 1956ರ ನವೆಂಬರ್ 1ಕ್ಕಿಂತ ಹಿಂದಿನ ಪುಟಗಳಲ್ಲಿ ಅದೇ ಮಾತು ಮಂಗಳೂರನ್ನು ಹೇಳುತ್ತದೆ, ಆಗ ಈ ಭಾಗ ದಕ್ಷಿಣ ಕನ್ನಡ ಜಿಲ್ಲೆಯದಾಗಿತ್ತು. ನೂರು ವರ್ಷ ಹತ್ತಿರ ಬಂದ ಶಾಲೆಗಳ ಕಪಾಟಿನಲ್ಲಿ ಈ ಮೂರೂ ಕಾಲದ ಕಾಗದಗಳು ಒಟ್ಟಿಗೇ ಇರುತ್ತವೆ.

ಯೋಜನೆಗಳ ಹೆಸರೂ ಹೀಗೇ ಬದಲಾಗುತ್ತದೆ. ಸರ್ವ ಶಿಕ್ಷಾ ಅಭಿಯಾನವನ್ನು ಎಸ್.ಎಸ್.ಎ. ಎಂದು ಬರೆಯುತ್ತಿದ್ದದ್ದು 2018ರಲ್ಲಿ ಸಮಗ್ರ ಶಿಕ್ಷಾ ಬಂದ ಮೇಲೆ ಕೇರಳದಲ್ಲಿ ಎಸ್.ಎಸ್.ಕೆ. ಆಯಿತು. ವಾರ್ಡಿನ ವಿಷಯ ಇನ್ನೂ ನಾಜೂಕು. ವಾರ್ಡುಗಳ ಪುನರ್ವಿಂಗಡಣೆಯಾದಾಗ ಸಂಖ್ಯೆ ಬದಲಾಗಿಬಿಡುತ್ತದೆ. ‘4ನೇ ವಾರ್ಡಿನ ಸದಸ್ಯರು’ ಎಂದಷ್ಟೇ ಬರೆದರೆ ಯಾವ ನಾಲ್ಕನೇ ವಾರ್ಡು ಎಂದು ತಿಳಿಯದು. ಕೇರಳದ ವಾರ್ಡುಗಳಿಗೆ ಸಂಖ್ಯೆಯ ಜೊತೆ ಹೆಸರೂ ಇದೆ. ಎರಡನ್ನೂ ಒಮ್ಮೆ ಪಟ್ಟಿಯಲ್ಲಿ ಬರೆದು, ಯಾವ ಚುನಾವಣೆಯ ನಂತರ ಎಂಬುದನ್ನು ಸೇರಿಸಿ.

ಹೆಸರು ಬದಲಾದಾಗ ಪಟ್ಟಿಯ ಹಳೆಯ ಸಾಲನ್ನು ಅಳಿಸಬಾರದು, ಮೇಲೆ ತಿದ್ದಲೂ ಬಾರದು. ‘ಎಂದಿನವರೆಗೆ’ ಅಂಕಣ ತುಂಬಿ, ಕೆಳಗೆ ಹೊಸ ಸಾಲು ಬರೆಯಬೇಕು. ಹಳೆಯ ಸಾಲು ಹೋದರೆ ಹಳೆಯ ಪುಟಗಳೆಲ್ಲ ಮೂಕವಾಗುತ್ತವೆ. ಒಂದು ಸಂಕ್ಷೇಪದ ಬಳಕೆ ನಿಂತ ಮೇಲೆ ಅದೇ ಅಕ್ಷರಗಳನ್ನು ಬೇರೆ ಅರ್ಥಕ್ಕೆ ಬಳಸುವುದನ್ನೂ ತಪ್ಪಿಸಿ. ಪುಸ್ತಕ ಮುಗಿದು ಹೊಸದು ತೆರೆದಾಗ ಪಟ್ಟಿಯನ್ನು ಪೂರ್ತಿ, ಮುಗಿದ ಸಾಲುಗಳನ್ನೂ ಸೇರಿಸಿ, ನಕಲು ಮಾಡಬೇಕು. ಒಂದು ಸಂಜೆಯ ಕೆಲಸ.

ಈ ಪಟ್ಟಿಗೆ ಅಧಿಕಾರ ಬರುವುದು ಸಭೆಯ ಒಪ್ಪಿಗೆಯಿಂದ. ಕಾರ್ಯದರ್ಶಿ ತನ್ನಷ್ಟಕ್ಕೆ ಬರೆದಿಟ್ಟರೆ ಅದು ಅವರ ಖಾಸಗಿ ಟಿಪ್ಪಣಿ. ಮೊದಲ ಸಭೆಯಲ್ಲಿ ಓದಿ ಹೇಳಿ, ‘ಈ ಪುಸ್ತಕದ 1ರಿಂದ 4ನೇ ಪುಟದ ಸಂಕ್ಷೇಪಗಳನ್ನೂ ಹೆಸರುಗಳನ್ನೂ ಒಪ್ಪಲಾಯಿತು’ ಎಂದು ನಿರ್ಣಯ ಬರೆದು, ಮುಂದೆ ಸೇರಿಸುವ ಪ್ರತಿ ಸಾಲಿನ ಪಕ್ಕದಲ್ಲಿ ಆಯಾ ಸಭೆಯ ದಿನಾಂಕ ಹಾಕಿದರೆ ನಾಳೆ ಯಾರೂ ‘ಇದನ್ನು ಆಮೇಲೆ ಸೇರಿಸಿದ್ದು’ ಎನ್ನಲಾರರು.

ಈಗ ಅದೇ ಟಿಪ್ಪಣಿ

ಇಷ್ಟನ್ನು ಇಟ್ಟುಕೊಂಡು ಕಾಲುಸಂಕದ ನಿರ್ಣಯ ಬರೆದರೆ ಹೀಗಾಗುತ್ತದೆ:

“ನಿರ್ಣಯ 3. ಶಾಲೆಗೆ ಬರುವ ದಾರಿಯ ಕಾಲುಸಂಕದ ದುರಸ್ತಿಯ ಬಗ್ಗೆ 4ನೇ ವಾರ್ಡಿನ ಗ್ರಾ.ಪಂ. ಸದಸ್ಯರೊಡನೆ ಮಾತಾಡಿದ ವಿವರವನ್ನು ರ.ಶಿ.ಸಂ. ಅಧ್ಯಕ್ಷರು ತಿಳಿಸಿದರು. ಗ್ರಾ.ಪಂ. ಸಹಾಯಕ ಎಂಜಿನಿಯರರಿಂದ ಅಂದಾಜು ಪಟ್ಟಿ ಪಡೆಯಲು ಅವರಿಗೇ ವಹಿಸಲಾಯಿತು. ನಿವೃತ್ತ ಅಧ್ಯಾಪಕ ನಾರಾಯಣ ಭಟ್, ಮೇಲಿನಮನೆ, ಈ ಕೆಲಸಕ್ಕೆಂದು ಕೊಟ್ಟು ಮುಖ್ಯೋಪಾಧ್ಯಾಯರ ಬಳಿ ಇರುವ 5,000 ರೂ.ಗಳನ್ನು ರ.ಶಿ.ಸಂ. ಖಾತೆಗೆ ಜಮೆ ಮಾಡುವುದು. ಜಾಗದ ಅಳತೆಗೆ ಮಂಜೇಶ್ವರ ತಾ.ಕಚೇರಿಗೆ ಅರ್ಜಿ ಕೊಡಲು ರ.ಶಿ.ಸಂ. ಕಾರ್ಯದರ್ಶಿಗೆ ವಹಿಸಲಾಯಿತು. ಸಂಕದ ಒಂದು ತುದಿ ಶಾಲೆಯ ಜಾಗದಲ್ಲಿರುವುದರಿಂದ ಶಾಲಾ ಮ್ಯಾನೇಜರರ ಲಿಖಿತ ಒಪ್ಪಿಗೆ ಪಡೆಯುವುದು.”

ಮೂರು ನಾಲ್ಕು ಸಾಲು ಹೆಚ್ಚಾಯಿತು. ಆದರೆ ‘ಅವರಿಗೇ’ ಎಂಬ ಸರ್ವನಾಮವೊಂದು ಇನ್ನೂ ಉಳಿದುಕೊಂಡಿದೆ, ಗಮನಿಸಿ. ಹಿಂದಿನ ವಾಕ್ಯದಲ್ಲಿ ಗ್ರಾ.ಪಂ. ಸದಸ್ಯರೂ ಇದ್ದಾರೆ, ರ.ಶಿ.ಸಂ. ಅಧ್ಯಕ್ಷರೂ ಇದ್ದಾರೆ. ಹೊಣೆ ವಹಿಸುವ ವಾಕ್ಯದಲ್ಲಿ ಅವರು, ಇವರು, ಸದ್ರಿಯವರು ಎಂಬ ಪದಗಳು ಇರಲೇಬಾರದು; ಅಲ್ಲಿ ‘ರ.ಶಿ.ಸಂ. ಅಧ್ಯಕ್ಷರಿಗೆ’ ಎಂದು ಮತ್ತೊಮ್ಮೆ ಬರೆಯಬೇಕು. ಶಾಲೆಯಲ್ಲಿ ಕಲಿತ ‘ಪುನರುಕ್ತಿ ದೋಷ’ದ ಭಯ ನಡಾವಳಿಗೆ ಅನ್ವಯಿಸುವುದಿಲ್ಲ. ತಿದ್ದುವ ಕ್ರಮವೂ ಒಂದೇ: ಪದದ ಮೇಲೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಕಿರುಸಹಿ ಮತ್ತು ದಿನಾಂಕ. ಬಿಳಿ ಶಾಯಿ ಬೇಡ, ಹಳೆಯ ಪದ ಓದುವಂತಿರಬೇಕು.

ಹಳೆಯ ಪುಸ್ತಕಗಳು

ಈಗಾಗಲೇ ಮುಗಿದು ಕಪಾಟು ಸೇರಿದ ಪುಸ್ತಕಗಳಿಗೂ ಪಟ್ಟಿ ಮಾಡಬಹುದು, ಆದರೆ ಪುಸ್ತಕದೊಳಗೆ ಏನೂ ಬರೆಯಬಾರದು. ಅಂಗೀಕಾರವಾದ ದಾಖಲೆಯ ಅಂಚಿನಲ್ಲಿ ಇಂದಿನ ಶಾಯಿ ಬಿದ್ದರೆ ಯಾವುದು ಅಂದಿನದು, ಯಾವುದು ಇಂದಿನದು ಎಂಬುದೇ ಹೊಸ ಜಗಳ. ಬೇರೆ ಹಾಳೆಯಲ್ಲಿ ಪುಟ ಸಂಖ್ಯೆ, ಅಲ್ಲಿರುವ ಪದ, ಅದರ ಅರ್ಥ ಬರೆದು, ಅರ್ಥ ಹೇಳಿದವರು ಯಾರು, ಎಂದು ಹೇಳಿದರು ಎಂಬುದನ್ನೂ ಸೇರಿಸಿ ಪುಸ್ತಕದ ಜೊತೆಗಿಡಿ. ಅಂಟಿಸಬೇಡಿ, ಲಕೋಟೆಯಲ್ಲಿಡಿ. ಹಿಂದಿನ ಪದಾಧಿಕಾರಿಗಳಲ್ಲಿ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ ಉತ್ತರ ಒಂದೇ ಬಂದರೆ ಹಾಗೇ ಬರೆಯಿರಿ. ಬೇರೆ ಬಂದರೆ ಎರಡನ್ನೂ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅದೇ ತಿಂಗಳ ಜಮಾ-ಖರ್ಚಿನ ಪುಸ್ತಕ, ರಶೀದಿಯ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕ ಇದ್ದರೆ ಅವು ನೆನಪಿಗಿಂತ ನೆಚ್ಚಿಗೆಯವು: ‘ಭಟ್ ಮಾಸ್ತರ್’ ಯಾರು ಎಂಬುದು ನಡಾವಳಿಯಲ್ಲಿ ಇಲ್ಲದಿದ್ದರೂ 5,000 ರೂ.ಗಳ ರಶೀದಿಯ ಪ್ರತಿಯಲ್ಲಿ ಮನೆ ಹೆಸರಿನ ಸಮೇತ ಇರುವ ಸಾಧ್ಯತೆಯಿದೆ. ಮೊದಲು ಅದನ್ನು ತೆರೆದು ನೋಡಿ, ಆಮೇಲೆ ಹಿರಿಯರ ಮನೆಗೆ ಹೋಗಿ.